ಮಿಸ್ಡ್ ಕಾಲ್ ಮೂಲಕ ನೋಂದಣಿ ಮತ್ತು ಖಾತೆಯ ಶಿಲ್ಕು ತಿಳಿಯುವ ವಿಧಾನ

ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಹನಿ ನೀರಾವರಿ ಭಿತ್ತಿಪತ್ರ, ಬೀಜದ ಅಂಗಡಿಯ ಕರಪತ್ರ, ಅಡುಗೆ ಅನಿಲದ ಬಿಲ್ಲು, ಬ್ಯಾಂಕಿನ ಜಾಹೀರಾತು ಫಲಕ ಇವುಗಳ ಮೇಲೆ "ಈ ಸಂಖ್ಯೆಗೆ ಮಿಸ್ಡ್ ಕಾಲ್ ಕೊಡಿ" ಎಂಬ ಸಾಲು ಕಾಣಬರುತ್ತದೆ. ಕರೆ ಮಾಡಿದಾಗ ಒಂದೆರಡು ಸಲ ಗಂಟೆ ಬಾರಿಸಿ ತಾನಾಗಿಯೇ ನಿಂತುಹೋಗುತ್ತದೆ. ಯಾರೂ ಮಾತನಾಡುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ಸಂದೇಶ ಬರುತ್ತದೆ. ಮಾತೇ ಆಡದ ಈ ಕರೆಯಿಂದ ಖಾತೆಯ ಶಿಲ್ಕು ತಿಳಿಯುವುದು ಹೇಗೆ, ಕೆಲವು ಸಲ ತಿಳಿಯದಿರುವುದು ಏಕೆ ಎಂಬುದನ್ನು ರೈತರು ಅರಿತಿದ್ದರೆ ಬ್ಯಾಂಕಿಗೆ ಅನಾವಶ್ಯಕವಾಗಿ ತಿರುಗಾಡುವುದು ತಪ್ಪುತ್ತದೆ.

ಕರೆಯಲ್ಲಿ ಹೋಗುವುದು ಏನು?

ಒಂದು ಫೋನಿನಿಂದ ಇನ್ನೊಂದಕ್ಕೆ ಕರೆ ಮಾಡಿದಾಗ, ಆ ಕಡೆಯವರು ಕರೆಯನ್ನು ಎತ್ತುವ ಮೊದಲೇ ಕರೆ ಮಾಡಿದವರ ಸಂಖ್ಯೆ ಅಲ್ಲಿಗೆ ತಲುಪಿರುತ್ತದೆ. ಕರೆಯ ಲೆಕ್ಕವಾದರೋ ಅದನ್ನು ಎತ್ತಿದ ನಂತರವೇ ಆರಂಭವಾಗುತ್ತದೆ. ಈ ನಡುವಿನ ಅವಕಾಶವನ್ನೇ ಮಿಸ್ಡ್ ಕಾಲ್ ವ್ಯವಸ್ಥೆ ಬಳಸಿಕೊಳ್ಳುತ್ತದೆ. ಆ ತುದಿಯಲ್ಲಿ ಮನುಷ್ಯರ ಬದಲು ಕಂಪ್ಯೂಟರ್ ಇರುತ್ತದೆ. ಅದು ಕರೆ ಮಾಡಿದ ಸಂಖ್ಯೆಯನ್ನೂ ವೇಳೆಯನ್ನೂ ಬರೆದುಕೊಂಡು ಕರೆಯನ್ನು ಎತ್ತದೆ ಕಡಿದುಹಾಕುತ್ತದೆ. ಆದುದರಿಂದ ಕರೆಗೆ ಹಣ ಕಡಿತವಾಗುವುದಿಲ್ಲ. ಜಾಹೀರಾತುದಾರರಿಗೆ ಇಂಥ ಸಂಖ್ಯೆಗಳನ್ನು ಒದಗಿಸುವ ಜಿಪ್‌ಡಯಲ್ ಎಂಬ ಸಂಸ್ಥೆ 2010ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. 2015ರಲ್ಲಿ ಅದನ್ನು ಟ್ವಿಟರ್ ಕಂಪೆನಿ ಕೊಂಡುಕೊಂಡಿತು.

ಕೊಳವೆಬಾವಿಯ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿರುವ ರೈತರಿಗೆ ಈ ತತ್ವ ಹೊಸದಲ್ಲ. ಸ್ಟಾರ್ಟರಿನಲ್ಲಿ ಒಂದು ಸಿಮ್ ಇರುತ್ತದೆ. ಮೊದಲೇ ದಾಖಲಿಸಿದ ಸಂಖ್ಯೆಯಿಂದ ಕರೆ ಬಂದರೆ ಮಾತ್ರ ಅದು ಆಜ್ಞೆಯನ್ನು ಪಾಲಿಸುತ್ತದೆ. ನೆರೆಯವರ ಫೋನಿನಿಂದ ಕರೆ ಮಾಡಿದರೆ ಪಂಪು ಅಲುಗಾಡುವುದಿಲ್ಲ. ಬ್ಯಾಂಕಿನ ವ್ಯವಸ್ಥೆಯೂ ಹೀಗೆಯೇ. ಕರೆ ಒಯ್ಯುವುದು ಸಂಖ್ಯೆಯೊಂದನ್ನೇ. ಆ ಸಂಖ್ಯೆಯನ್ನು ಮೊದಲೇ ಯಾವುದಕ್ಕೆ ಜೋಡಿಸಲಾಗಿದೆ ಎಂಬುದರ ಮೇಲೆ ಉಳಿದುದೆಲ್ಲ ನಿಂತಿದೆ.

ಶಿಲ್ಕು ತಿಳಿಯುವ ಕ್ರಮ

ಮೊದಲನೆಯದಾಗಿ, ರೈತರ ಮೊಬೈಲ್ ಸಂಖ್ಯೆ ಬ್ಯಾಂಕಿನ ಖಾತೆಯಲ್ಲಿ ದಾಖಲಾಗಿರಬೇಕು. ಇದನ್ನು ಶಾಖೆಯಲ್ಲಿ ಅರ್ಜಿ ಕೊಟ್ಟು ಮಾಡಿಸಬೇಕು. ಎರಡನೆಯದಾಗಿ, ಕೆಲವು ಬ್ಯಾಂಕುಗಳಲ್ಲಿ ಈ ಸೌಲಭ್ಯಕ್ಕೆ ಪ್ರತ್ಯೇಕ ನೋಂದಣಿ ಬೇಕು. ಸ್ಟೇಟ್ ಬ್ಯಾಂಕಿನಲ್ಲಿ ದಾಖಲಾದ ಫೋನಿನಿಂದಲೇ REG ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಖಾತೆ ಸಂಖ್ಯೆ ಸೇರಿಸಿ ಬ್ಯಾಂಕು ತಿಳಿಸಿದ ಸಂಖ್ಯೆಗೆ ಸಂದೇಶ ಕಳುಹಿಸಬೇಕು. ಈ ಸಂದೇಶಕ್ಕೆ ಮಾಮೂಲಿನ ಶುಲ್ಕ ತಗಲಬಹುದು. ಇದಾದ ಮೇಲೆ ಮಿಸ್ಡ್ ಕಾಲ್ ಕೊಟ್ಟಾಗ ಬ್ಯಾಂಕಿನ ಕಂಪ್ಯೂಟರ್ ಕರೆ ಬಂದ ಸಂಖ್ಯೆಯನ್ನು ತನ್ನ ಪಟ್ಟಿಯಲ್ಲಿ ಹುಡುಕಿ, ಅದಕ್ಕೆ ಸೇರಿದ ಖಾತೆಯ ಶಿಲ್ಕನ್ನು ಅದೇ ಸಂಖ್ಯೆಗೆ ಕಳುಹಿಸುತ್ತದೆ. ಬೇರೆಯವರ ಫೋನಿನಿಂದ ಕರೆ ಮಾಡಿದರೆ ರೈತರ ಶಿಲ್ಕು ಅವರಿಗೆ ತಿಳಿಯುವುದಿಲ್ಲ. ಆದರೆ ರೈತರ ಫೋನೇ ಇನ್ನೊಬ್ಬರ ಕೈಯಲ್ಲಿದ್ದರೆ ಈ ರಕ್ಷಣೆ ಉಳಿಯುವುದಿಲ್ಲ.

ಉತ್ತರ ಬಾರದಿದ್ದರೆ ಮೂರು ಕಾರಣಗಳನ್ನು ನೋಡಬೇಕು. ಎರಡು ಸಿಮ್ ಇರುವ ಫೋನಿನಲ್ಲಿ ಕರೆ ದಾಖಲಾಗದ ಸಿಮ್ಮಿನಿಂದ ಹೋಗಿರಬಹುದು. ರೀಚಾರ್ಜ್ ಅವಧಿ ಮುಗಿದಿದ್ದರೆ ಕರೆಯೇ ಹೊರಹೋಗುವುದಿಲ್ಲ. ಕರೆ ಉಚಿತವಾದರೂ ಹೊರಹೋಗುವ ಸೌಲಭ್ಯ ಚಾಲ್ತಿಯಲ್ಲಿರಬೇಕು. ಕೊನೆಯದಾಗಿ, ಹಳೆಯ ಭಿತ್ತಿಪತ್ರದ ಸಂಖ್ಯೆ ಬದಲಾಗಿರಬಹುದು. ವಾಟ್ಸಾಪ್ ಕರೆಯಿಂದ ಈ ಕೆಲಸ ಆಗುವುದಿಲ್ಲ.

ಒಂದು ಉದಾಹರಣೆ

ಒಬ್ಬ ರೈತರಿಗೆ ಪಿ.ಎಂ. ಕಿಸಾನ್ ಕಂತು 2,000 ರೂಪಾಯಿ ಬರಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅವರ ಹಳೆಯ ಬ್ಯಾಂಕಿನ ಖಾತೆಯಲ್ಲಿ 3,140 ರೂಪಾಯಿ ಇತ್ತು. ಕಂತು ಬಿಡುಗಡೆಯಾದ ಸುದ್ದಿ ಕೇಳಿ ಮಿಸ್ಡ್ ಕಾಲ್ ಕೊಟ್ಟರು. ಸಂದೇಶದಲ್ಲಿ 5,140ರ ಬದಲು 3,140 ಎಂದೇ ಬಂದಿತು. ಕಂತು ತಪ್ಪಿತೆಂದು ಕಚೇರಿಗೆ ಓಡುವ ಮುಂಚೆ ಒಂದು ಸಂಗತಿಯನ್ನು ಗಮನಿಸಬೇಕು. ಮಿಸ್ಡ್ ಕಾಲ್ ತಿಳಿಸುವುದು ಆ ಒಂದು ಬ್ಯಾಂಕಿನ ಶಿಲ್ಕನ್ನು ಮಾತ್ರ. ಆಧಾರ್ ಆಧಾರಿತ ಸಹಾಯಧನವಾದರೋ ಆಧಾರಿಗೆ ಕೊನೆಯಲ್ಲಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಒಂದು ಕಾಲಕ್ಕೆ ಒಂದೇ ಬ್ಯಾಂಕಿಗೆ ಈ ಜೋಡಣೆ ಇರುತ್ತದೆ.

ಈ ರೈತರು ಹಿಂದಿನ ವರ್ಷ ಎರಡನೆಯ ಬ್ಯಾಂಕಿನಲ್ಲಿ ಖಾತೆ ತೆರೆದಾಗ ಸಹಾಯಧನ ಅಲ್ಲಿಗೇ ಬರಲೆಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದರು. ಆ ಬ್ಯಾಂಕಿನ ಸಂಖ್ಯೆಗೆ ಕರೆ ಮಾಡಿದಾಗ "ಈ ಮೊಬೈಲ್ ಸಂಖ್ಯೆ ನೋಂದಣಿಯಾಗಿಲ್ಲ" ಎಂಬ ಉತ್ತರ ಬಂದಿತು. ಖಾತೆ ತೆರೆಯುವ ದಿನ ಮಗನ ಸಂಖ್ಯೆಯನ್ನು ಬರೆಸಿದ್ದುದು ಆಗ ನೆನಪಾಯಿತು. ಮಗನ ಫೋನಿನಿಂದ ಕರೆ ಮಾಡಿದಾಗ ಕಂತಿನ 2,000 ರೂಪಾಯಿ ಅಲ್ಲಿ ಕಂಡುಬಂದಿತು. ಹಣ ತಪ್ಪಿರಲಿಲ್ಲ, ಹುಡುಕಿದ ಸ್ಥಳ ತಪ್ಪಿತ್ತು. ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಬ್ಯಾಂಕಿನ ಶಾಖೆಯಲ್ಲಿ ನೋಡಿಕೊಳ್ಳಬಹುದು.

ಭಿತ್ತಿಪತ್ರದ ಸಂಖ್ಯೆಗೆ ನೋಂದಣಿ

ಭಿತ್ತಿಪತ್ರದ ಸಂಖ್ಯೆಯ ವಿಷಯ ಬೇರೆ. ಬ್ಯಾಂಕಿಗೆ ಕರೆ ಮಾಡುವವರ ಗುರುತು ಮೊದಲೇ ಗೊತ್ತಿರುತ್ತದೆ. ಭಿತ್ತಿಪತ್ರ ಅಂಟಿಸಿದವರಿಗೆ ಗೊತ್ತಿರುವುದಿಲ್ಲ. ಅವರಿಗೆ ಬೇಕಾಗಿರುವುದೇ ರೈತರ ಸಂಖ್ಯೆ. ತಳಿ ಪ್ರಯೋಗದಲ್ಲಿ ಪ್ರತಿ ತಾಕಿಗೂ ಬೇರೆ ಬೇರೆ ಫಲಕ ನೆಡುವಂತೆ, ಕಂಪೆನಿಗಳು ಒಂದೊಂದು ಜಿಲ್ಲೆಯ ಭಿತ್ತಿಪತ್ರದಲ್ಲಿ ಒಂದೊಂದು ಸಂಖ್ಯೆ ಮುದ್ರಿಸುವುದುಂಟು. ಯಾವ ಸಂಖ್ಯೆಗೆ ಕರೆ ಬಂದಿತೆಂಬುದರಿಂದ ರೈತರು ಯಾವ ಊರ ಕಡೆಯವರು, ಯಾವ ಸರಕನ್ನು ವಿಚಾರಿಸುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಆ ಮಿಸ್ಡ್ ಕಾಲನ್ನೇ ಒಪ್ಪಿಗೆ ಎಂದು ಭಾವಿಸಿ ಮುಂದೆ ಮಾರಾಟದ ಕರೆಗಳನ್ನೂ ಸಂದೇಶಗಳನ್ನೂ ಕಳುಹಿಸುತ್ತಾರೆ. ಇವು ಬೇಡವಾದಲ್ಲಿ 1909ಕ್ಕೆ ಕರೆ ಮಾಡಿ ತಡೆಸಬಹುದು.

ಅಡುಗೆ ಅನಿಲದ ಸಂಖ್ಯೆ ಬ್ಯಾಂಕಿನ ಗುಂಪಿಗೆ ಸೇರಿದ್ದು. ಇಂಡೇನ್ ಗ್ರಾಹಕರಿಗಾಗಿ 8454955555 ಎಂಬ ಮಿಸ್ಡ್ ಕಾಲ್ ಸಂಖ್ಯೆಯನ್ನು 2021ರ ಜನವರಿ 1ರಂದು ಆರಂಭಿಸಲಾಯಿತು. ಅನಿಲ ಸಂಪರ್ಕಕ್ಕೆ ದಾಖಲಾದ ಫೋನಿನಿಂದ ಕರೆ ಬಂದರೆ ಮಾತ್ರ ಸಿಲಿಂಡರ್ ಕಾದಿರಿಸಲ್ಪಡುತ್ತದೆ.

ಮೋಸವನ್ನು ಗುರುತಿಸುವುದು

ಮಿಸ್ಡ್ ಕಾಲ್ ಒಂದರಿಂದಲೇ ಖಾತೆಯ ಹಣ ಹೋಗುವುದಿಲ್ಲ. ಅಪಾಯ ಇರುವುದು ಅದರ ನಂತರ ಬರುವ ಕರೆಯಲ್ಲಿ. ಬ್ಯಾಂಕಿನ ಹೆಸರಿನ ಸುಳ್ಳು ಕರಪತ್ರದ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ವಂಚಕರಿಗೆ ರೈತರ ಸಂಖ್ಯೆ ಸಿಕ್ಕುತ್ತದೆ. ಅವರು ತಿರುಗಿ ಕರೆ ಮಾಡಿ ಓ.ಟಿ.ಪಿ., ಪಿನ್ ಅಥವಾ ಎ.ಟಿ.ಎಂ. ಕಾರ್ಡಿನ ಸಂಖ್ಯೆ ಕೇಳುತ್ತಾರೆ. ನಿಜವಾದ ಶಿಲ್ಕಿನ ಸೇವೆಯಲ್ಲಿ ಉತ್ತರ ಸಂದೇಶವಾಗಿ ಬರುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಯಾರೂ ತಿರುಗಿ ಕರೆ ಮಾಡುವುದಿಲ್ಲ. ಸಂದೇಶದ ಮೇಲೆ ಹತ್ತು ಅಂಕಿಯ ಮೊಬೈಲ್ ಸಂಖ್ಯೆಯ ಬದಲು ಬ್ಯಾಂಕಿನ ಹೆಸರನ್ನು ಸೂಚಿಸುವ ಇಂಗ್ಲಿಷ್ ಅಕ್ಷರಗಳಿರುತ್ತವೆ. ಸಂಖ್ಯೆಯನ್ನು ಯಾವಾಗಲೂ ಪಾಸ್‌ಬುಕ್ಕಿನಿಂದ ಅಥವಾ ಶಾಖೆಯಲ್ಲಿ ಕೇಳಿ ಬರೆದುಕೊಳ್ಳಬೇಕು. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಫೋನ್ ಸಂಖ್ಯೆ ಬದಲಾಯಿಸುವ ರೈತರು ಮರೆಯಬಾರದ ಕೆಲಸ ಒಂದಿದೆ. ನಿಂತುಹೋದ ಸಂಖ್ಯೆಯನ್ನು 90 ದಿನಗಳು ಕಳೆದ ನಂತರ ಕಂಪೆನಿಯವರು ಬೇರೊಬ್ಬರಿಗೆ ಕೊಡಬಹುದು. ಖಾತೆಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಶಿಲ್ಕಿನ ಸಂದೇಶವೂ ಓ.ಟಿ.ಪಿ.ಯೂ ಆ ಅಪರಿಚಿತರಿಗೆ ಹೋಗುತ್ತವೆ. ಆದುದರಿಂದ ಹಳೆಯ ಸಿಮ್ ಬಿಡುವ ಮುಂಚೆಯೇ ಪ್ರತಿಯೊಂದು ಬ್ಯಾಂಕಿನಲ್ಲಿಯೂ ಅನಿಲ ವಿತರಕರಲ್ಲಿಯೂ ಹೊಸ ಸಂಖ್ಯೆಯನ್ನು ದಾಖಲಿಸಿ, ಒಮ್ಮೆ ಮಿಸ್ಡ್ ಕಾಲ್ ಕೊಟ್ಟು ಉತ್ತರ ಹೊಸ ಫೋನಿಗೆ ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.