ಸುತ್ತಳತೆಯಲ್ಲಿ ಉಳಿಯುವ ತಪ್ಪನ್ನು ಹಂಚುವ ಕ್ರಮ

ಹೊಲದ ಒಂದು ಮೂಲೆಯಿಂದ ಹೊರಟು, ದಿಕ್ಸೂಚಿಯಿಂದ ದಿಕ್ಕನ್ನೂ ಸರಪಳಿಯಿಂದ ದೂರವನ್ನೂ ಅಳೆಯುತ್ತ ಎಲ್ಲೆಯನ್ನು ಸುತ್ತಿ ಅದೇ ಮೂಲೆಗೆ ಬಂದರೂ, ಆ ಅಳತೆಗಳಂತೆ ಕಾಗದದ ಮೇಲೆ ಎಳೆದ ಗೆರೆಯು ಹೊರಟ ಬಿಂದುವನ್ನು ಸರಿಯಾಗಿ ಸೇರುವುದು ಅಪೂರ್ವ. ಉಳಿದ ಸಂದನ್ನು ಕೊನೆಯ ಗೆರೆಯಿಂದಲೇ ಮುಚ್ಚಿಬಿಡುವ ಅಭ್ಯಾಸವು ಕೆಲವರಲ್ಲುಂಟು. ಇದರಿಂದ ಎಲ್ಲ ಬದಿಗಳ ತಪ್ಪೂ ಒಂದೇ ಬದಿಯ ಮೇಲೆ ಬಿದ್ದು, ಆ ಕಡೆಯ ಹೊಲದವನೊಡನೆ ವ್ಯಾಜ್ಯಕ್ಕೆ ಕಾರಣವಾಗುವುದು. ಅಮೆರಿಕದ ನಥಾನಿಯಲ್ ಬೌಡಿಚ್ 1808ರಲ್ಲಿ ಪ್ರಕಟಿಸಿದ ಕ್ರಮವು ಪ್ರತಿಯೊಂದು ಬದಿಗೂ ಅದರ ಉದ್ದಕ್ಕೆ ತಕ್ಕ ಪಾಲನ್ನು ಹಾಕುತ್ತದೆ.

ನಾಲ್ಕು ಮೂಲೆಯ ಒಂದು ಹೊಲವನ್ನು ತೆಗೆದುಕೊಳ್ಳೋಣ. ಅಬ ಬದಿಯು ಉತ್ತರದಿಂದ ಪೂರ್ವಕ್ಕೆ 30 ಡಿಗ್ರಿ, ಬಕ ದಕ್ಷಿಣದಿಂದ ಪೂರ್ವಕ್ಕೆ 60, ಕಡ ದಕ್ಷಿಣದಿಂದ ಪಶ್ಚಿಮಕ್ಕೆ 30, ಡಅ ಉತ್ತರದಿಂದ ಪಶ್ಚಿಮಕ್ಕೆ 60. ಉದ್ದವನ್ನು ಈ ಕೋನದ ಕೊಸೈನಿನಿಂದ ಗುಣಿಸಿದರೆ ಉತ್ತರ-ದಕ್ಷಿಣದ ನಡೆಯೂ, ಸೈನಿನಿಂದ ಗುಣಿಸಿದರೆ ಪೂರ್ವ-ಪಶ್ಚಿಮದ ನಡೆಯೂ ದೊರೆಯುವುವು. ಉತ್ತರ ಮತ್ತು ಪೂರ್ವಗಳನ್ನು ಧನವೆಂದೂ ಉಳಿದೆರಡನ್ನು ಋಣವೆಂದೂ ಬರೆಯತಕ್ಕದ್ದು. ಅಂಕಿಗಳೆಲ್ಲ ಅಡಿಗಳಲ್ಲಿವೆ.

| ಬದಿ | ಉದ್ದ | ಉ-ದ ನಡೆ | ಪೂ-ಪ ನಡೆ | ತಿದ್ದಿದ ಉ-ದ | ತಿದ್ದಿದ ಪೂ-ಪ |
|---|---|---|---|---|---|
| ಅಬ | 300 | +259.8 | +150.0 | +259.0 | +150.2 |
| ಬಕ | 200 | −100.0 | +173.2 | −100.5 | +173.3 |
| ಕಡ | 298 | −258.1 | −149.0 | −258.9 | −148.8 |
| ಡಅ | 202 | +101.0 | −174.9 | +100.4 | −174.7 |
| ಮೊತ್ತ | 1000 | +2.7 | −0.7 | 0 | 0 |

ಹೊರಟಲ್ಲಿಗೇ ಹಿಂದಿರುಗಿದುದರಿಂದ ಎರಡು ಮೊತ್ತಗಳೂ ಸೊನ್ನೆಯಾಗಬೇಕಾಗಿತ್ತು. 2.7 ಮತ್ತು 0.7ರ ವರ್ಗಗಳನ್ನು ಕೂಡಿ ವರ್ಗಮೂಲವನ್ನು ತೆಗೆದರೆ ಸಂದು 2.8 ಅಡಿ, ಎಂದರೆ ಸುತ್ತಳತೆಯ ಸುಮಾರು 357ರಲ್ಲಿ ಒಂದು ಪಾಲು. ದಿಕ್ಸೂಚಿ ಮತ್ತು ಸರಪಳಿಗಳ ಸಾಧಾರಣ ಕೆಲಸದಲ್ಲಿ 300ರಲ್ಲಿ ಒಂದರವರೆಗೆ ಒಪ್ಪಬಹುದು.

ಇನ್ನು ಹಂಚಿಕೆ. ಅಬ ಬದಿಯು ಸುತ್ತಳತೆಯ ಹತ್ತರಲ್ಲಿ ಮೂರು ಪಾಲಾದುದರಿಂದ, 2.7ರಲ್ಲಿ ಮೂರು ಪಾಲಾದ 0.8 ಅಡಿಯನ್ನು ಅದರ ನಡೆಯಿಂದ ಕಳೆಯಬೇಕು. ತಿದ್ದುಪಡಿಯ ಚಿಹ್ನೆ ಯಾವಾಗಲೂ ಮೊತ್ತದ ಚಿಹ್ನೆಗೆ ವಿರುದ್ಧ. ಆದಕಾರಣ ಇಲ್ಲಿ ಉತ್ತರದ ನಡೆಗಳು ಕುಗ್ಗಿ ದಕ್ಷಿಣದವು ಹಿಗ್ಗುವುವು. ಹೊಸಬರು ಎಡವುವುದು ಇಲ್ಲಿಯೇ. ದಶಾಂಶಗಳನ್ನು ಮೊಟಕುಮಾಡಿದಾಗ ಎರಡು ಕಡೆಯೂ 0.1 ಉಳಿಯಿತು, ಅದನ್ನು ಡಅ ಬದಿಗೆ ಸೇರಿಸಿದೆ.

ಸಂದು ದೊಡ್ಡದಾಗಿದ್ದರೆ ಹಂಚಲಾಗದು. ಕಡ ಬದಿಯಲ್ಲಿ 100 ಅಡಿಯ ಒಂದು ಸರಪಳಿಯನ್ನು ಎಣಿಸಲು ಮರೆತಿದ್ದರೆ, ಸಂದು ಸುಮಾರು 100 ಅಡಿಯಾಗಿ ಆ ಬದಿಗೆ ಸಮಾನಾಂತರವಾಗಿ ಕಾಣುವುದು. ಆದರೆ ಅಬ ಬದಿಯೂ ಅದೇ ದಿಕ್ಕಿನದಾದುದರಿಂದ ಎರಡನ್ನೂ ಮರಳಿ ಅಳೆಯಬೇಕಾದೀತು.

ಸಂದೇ ಇಲ್ಲದಿದ್ದರೂ ಅಳತೆ ಸರಿಯೆಂದು ಹೇಳಲಾಗದು. ಸರಪಳಿಯು ಎಳೆದೆಳೆದು 101 ಅಡಿಯಾಗಿದ್ದರೆ ಬದಿಗಳೆಲ್ಲ ಒಂದೇ ಪ್ರಮಾಣದಲ್ಲಿ ಕಡಮೆಯಾಗಿ ದಾಖಲಾಗಿ ಲೆಕ್ಕ ಚೆನ್ನಾಗಿ ತಾಳೆಯಾಗುವುದು. ಹೊಲದ ವಿಸ್ತೀರ್ಣ ಮಾತ್ರ ನೂರಕ್ಕೆ ಸುಮಾರು ಎರಡರಷ್ಟು ಕಡಮೆ ಬರುವುದು. ಇದನ್ನು ಬೌಡಿಚ್ ಕ್ರಮವು ತೋರಿಸಲಾರದು. ಕೆಲಸಕ್ಕೆ ಮೊದಲೂ ಅನಂತರವೂ, ಉಕ್ಕಿನ ಪಟ್ಟಿಯಿಂದ 100 ಅಡಿಗೆ ನೆಟ್ಟ ಎರಡು ಗೂಟಗಳ ನಡುವೆ ಸರಪಳಿಯನ್ನು ಹಿಡಿದು ನೋಡತಕ್ಕದ್ದು.