ಸಾಲದ ಅರ್ಜಿಗೊಂದು ವಿವರಣೆ ಪತ್ರ
ಮಂಡ್ಯದ ರೈತಮಿತ್ರರೇ, ಕಬ್ಬಿನ ಬಿಲ್ಲು ಬಂದ ತಿಂಗಳನ್ನಷ್ಟೇ ತೋರಿಸಿ ಸಾಲ ಕೇಳಬೇಡಿ. ಉಳಿದ ತಿಂಗಳುಗಳು ಬರಿದಾಗಿ ಕಂಡರೆ ಬ್ಯಾಂಕಿನವರಿಗೆ ಅನುಮಾನ ಬರುವುದು ಸಹಜ. ಹನ್ನೆರಡು ತಿಂಗಳ ಜಮೆಗಳನ್ನೂ ಬರೆದು, ಯಾವುದು ಎಲ್ಲಿಂದ ಬಂತೆಂದು ಪಕ್ಕದಲ್ಲೇ ತಿಳಿಸಿ.

ಮದ್ದೂರಿನ ಒಬ್ಬರ ಖಾತೆಗೆ ವರ್ಷದಲ್ಲಿ 3,84,000 ರೂಪಾಯಿ ಜಮೆಯಾಗಿದೆ ಎನ್ನಿ. ಹಾಲಿನದು 1,08,000, ಕಬ್ಬಿನದು 1,80,000, ಎಳನೀರಿನದು 36,000. ಉಳಿದ 60,000 ಒಡವೆ ಅಡವಿಟ್ಟು ತಂದ ಸಾಲ. ಅದು ಆದಾಯವಲ್ಲ, ಕಳೆಯಿರಿ. 3,24,000 ಉಳಿಯುತ್ತದೆ, ತಿಂಗಳ ಸರಾಸರಿ 27,000.

ಈ ಮೊತ್ತದಿಂದ ಗೊಬ್ಬರ, ಹಿಂಡಿ, ಕೂಲಿಯ ಖರ್ಚನ್ನು ಇನ್ನೂ ಕಳೆದಿಲ್ಲ. ಅದನ್ನೂ ಬೇರೆಯಾಗಿ ಬರೆಯಿರಿ. ಮಳವಳ್ಳಿಯಲ್ಲಿ ರೇಷ್ಮೆಗೂಡು ಮಾರುವವರೂ ಹೀಗೇ ಮಾಡಿ. ಕೈಗೆ ಬಂದ ನಗದನ್ನು ಆಗಿಂದಾಗ್ಗೆ ಖಾತೆಗೆ ಕಟ್ಟಿ; ಅರ್ಜಿಯ ಹಿಂದಿನ ದಿನ ಒಟ್ಟಿಗೆ ತುಂಬಿದ ಹಣ ನಂಬಿಕೆ ಹುಟ್ಟಿಸದು.