ಟ್ಯಾಂಕಿಗೆ ಎಷ್ಟು ಕ್ಯಾನ್ ನೀರು?

ಮೈಸೂರಿನಲ್ಲಿ ಮೀನು ಸಾಕುವ ಗಾಜಿನ ಟ್ಯಾಂಕುಗಳನ್ನು ಕಟ್ಟಿಕೊಡುವುದು ನನ್ನ ಕೆಲಸ. ಟ್ಯಾಂಕನ್ನು ಆಟೋಗೆ ಏರಿಸುವ ಹೊತ್ತಿಗೆ ಹೆಚ್ಚಿನವರು ಕೇಳುವುದು ಒಂದೇ ಮಾತು: ‘ಸಾರ್, ಇದಕ್ಕೆ ಎಷ್ಟು ಕ್ಯಾನ್ ನೀರು ಹಿಡಿಯುತ್ತೆ?’ ಮಹಡಿ ಮನೆಯವರಿಗೆ ಈ ಲೆಕ್ಕ ಬೇಕೇ ಬೇಕು. ಕೆಳಗಿನ ಸಂಪಿನಿಂದ ಇಪ್ಪತ್ತು ಲೀಟರ್ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುವವರು ಅವರೇ. ಅತಿ ಹೆಚ್ಚು ಮಾರಾಟವಾಗುವ ಎರಡಡಿ ಟ್ಯಾಂಕನ್ನೇ ಇಟ್ಟುಕೊಂಡು ಹೇಳುತ್ತೇನೆ. ಉದ್ದ 24 ಇಂಚು, ಅಗಲ 12, ಎತ್ತರ 15. ಗಾಜು 6 ಎಂ.ಎಂ. ದಪ್ಪ.

1. ಹೊರ ಅಳತೆಯಿಂದ ಗಾಜನ್ನು ಕಳೆಯಿರಿ.

ಅಂಗಡಿಯಲ್ಲಿ ಹೇಳುವ ಇಂಚುಗಳು ಹೊರಗಿನವು. ಅವನ್ನೇ ಗುಣಿಸಿದರೆ ಎರಡೂವರೆ ಘನ ಅಡಿ ಬರುತ್ತದೆ. ಒಂದು ಘನ ಅಡಿಗೆ 28.3 ಲೀಟರ್, ಅಂದರೆ ಸುಮಾರು 70.7 ಲೀಟರ್. (ಕೆ.ಆರ್.ಎಸ್. ಸಂಗ್ರಹ ಇಷ್ಟು ಟಿಎಂಸಿ ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಲೆಕ್ಕದ್ದೂ ಇದೇ ಘನ ಅಡಿ. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ.) ಆದರೆ ಆ 70.7 ಲೀಟರಿನಲ್ಲಿ ಗಾಜಿನ ಪಾಲೂ ಸೇರಿಕೊಂಡಿದೆ.

ಒಳಗಡೆ ಟೇಪು ಹಿಡಿದರೆ ಮೂಲೆಯಲ್ಲಿ ಅದು ಬಾಗುತ್ತದೆ, ತಳದಲ್ಲಿ ಸಿಲಿಕಾನ್ ಅಡ್ಡ ಬರುತ್ತದೆ. ಅದಕ್ಕೇ ನಾನು ಹೊರಗೆ ಸೆಂಟಿಮೀಟರಿನಲ್ಲಿ ಅಳೆದು, ಮೇಲಿನ ಅಂಚಿನಲ್ಲಿ ಕಾಣುವ ಗಾಜಿನ ದಪ್ಪವನ್ನು ಸ್ಕೇಲಿನಲ್ಲಿ ನೋಡಿ ಕಳೆಯುತ್ತೇನೆ. ಉದ್ದ 61 ಸೆಂ.ಮೀ.; ಎರಡೂ ಬದಿಯ ಗಾಜು ಸೇರಿ 1.2 ಹೋದರೆ 59.8. ಅಗಲ 30.5ರಲ್ಲಿ ಹಾಗೆಯೇ ಕಳೆದರೆ 29.3. ಎತ್ತರದಲ್ಲಿ ಮಾತ್ರ ಒಂದೇ ಗಾಜನ್ನು ಕಳೆಯಬೇಕು, ಏಕೆಂದರೆ ತಳಕ್ಕೆ ಗಾಜಿದೆ, ಮೇಲೆ ತೆರೆದಿದೆ. 38ರಲ್ಲಿ 0.6 ಹೋಗಿ 37.4 ಉಳಿಯುತ್ತದೆ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 65.5 ಲೀಟರ್. ಹೊರಗಿನ ಲೆಕ್ಕಕ್ಕಿಂತ 5.2 ಲೀಟರ್ ಕಡಿಮೆ. ಗಾಜು ತಾನೇ ತುಂಬಿಕೊಂಡಿರುವ ಜಾಗ ಅದು. ಗಾಜು ನೀರಿಗಿಂತ ಎರಡೂವರೆ ಪಟ್ಟು ತೂಕದ್ದಾದ್ದರಿಂದ ಖಾಲಿ ಟ್ಯಾಂಕು ಸುಮಾರು 13 ಕೆ.ಜಿ. ಎಂಬುದೂ ಇದರಿಂದಲೇ ತಿಳಿಯುತ್ತದೆ.

2. ಒಂದು ಸೆಂಟಿಮೀಟರಿಗೆ ಎಷ್ಟು ಲೀಟರ್ ಎಂದು ಬರೆದಿಟ್ಟುಕೊಳ್ಳಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂಖ್ಯೆ ಇದು. ಒಳಗಿನ ಉದ್ದ, ಅಗಲ ಎರಡನ್ನೇ ಗುಣಿಸಿ ಸಾವಿರದಿಂದ ಭಾಗಿಸಿ. 59.8 ಗುಣಿಸು 29.3, ಅಂದರೆ 1752, ಸೆಂಟಿಮೀಟರಿಗೆ 1.75 ಲೀಟರ್. ಮುಂದೆ ಏನೇ ಲೆಕ್ಕ ಬಂದರೂ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ನೋಡಿ 1.75ರಿಂದ ಗುಣಿಸಿದರೆ ಸಾಕು.

ಲೆಕ್ಕ ಸರಿಯೇ ಎಂದು ಪರೀಕ್ಷಿಸುವುದಕ್ಕೂ ಇದೇ ದಾರಿ. ಖಾಲಿ ಟ್ಯಾಂಕಿಗೆ ಪೂರ್ತಿ ಇಪ್ಪತ್ತು ಲೀಟರ್ ಸುರಿದರೆ ನೀರು 11.4 ಸೆಂ.ಮೀ. ಏರಬೇಕು. ಹತ್ತಕ್ಕೇ ನಿಂತಿತೆಂದರೆ ಎಲ್ಲೋ ತಪ್ಪಿದೆ. ಎರಡನೇ ಸಲ ಅಳೆದಾಗಲೂ ಟೇಪು ಅದೇ ಉದ್ದ ಅಗಲ ತೋರಿಸಿದರೆ ಕ್ಯಾನಿನ ಮೇಲೆ ಅನುಮಾನ ಪಡಿ.

3. ಕ್ಯಾನನ್ನೂ ಅಳೆಯಿರಿ.

ಮೇಲೆ 20 ಲೀಟರ್ ಎಂದಿದ್ದರೂ ಮೆಟ್ಟಿಲಲ್ಲಿ ತುಳುಕದಿರಲಿ ಎಂದು ಜನ ಕುತ್ತಿಗೆಯವರೆಗೆ ತುಂಬುವುದಿಲ್ಲ. ಖಾಲಿ ಕ್ಯಾನನ್ನು ತೂಗಿ, ನೀವು ಸಾಮಾನ್ಯವಾಗಿ ತುಂಬುವಷ್ಟು ತುಂಬಿ ಮತ್ತೆ ತೂಗಿ. ಎಷ್ಟು ಕೆ.ಜಿ. ಹೆಚ್ಚಾಯಿತೋ ಅಷ್ಟು ಲೀಟರ್. ಈ ಟ್ಯಾಂಕಿಗೆ ಬಾಯಿಂದ 4 ಸೆಂ.ಮೀ. ಕೆಳಗೆ, ಅಂದರೆ 33.4 ಸೆಂ.ಮೀ. ಎತ್ತರಕ್ಕೆ ನೀರು ನಿಲ್ಲಿಸಿದರೆ 58.5 ಲೀಟರ್ ಬೇಕು. ಪೂರ್ತಿ ತುಂಬಿದ ಕ್ಯಾನಾದರೆ ಮೂರರಲ್ಲಿ ಮುಗಿಯುತ್ತದೆ. ಹದಿನೆಂಟು ಲೀಟರ್ ತುಂಬುವವರು ನಾಲ್ಕನೆಯ ಸಲ ಕೆಳಗಿಳಿಯಬೇಕು.

ಅಂಗಡಿಯಿಂದ ತರಿಸುವ ಕುಡಿಯುವ ನೀರಿನ ಕ್ಯಾನನ್ನೇ ಸುರಿಯುತ್ತೇವೆ ಎನ್ನುವವರಿಗೆ ಬೇಡ ಎನ್ನುತ್ತೇನೆ. ಆರ್.ಓ. ನೀರಿನಲ್ಲಿ ಲವಣ ತೀರಾ ಕಡಿಮೆ. ಅದೊಂದನ್ನೇ ಬಳಸಿದರೆ ನೀರಿನ ಹುಳಿ–ಕ್ಷಾರದ ಮಟ್ಟ ಬೇಗ ಏರುಪೇರಾಗುತ್ತದೆ. ನಲ್ಲಿಯ ಕಾವೇರಿ ನೀರೇ ಒಳ್ಳೆಯದು. ಅದರ ಕ್ಲೋರಿನ್ ಮಾತ್ರ ತೆಗೆಯಬೇಕು.

4. ಕಲ್ಲಿನ ಪಾಲನ್ನು ಮರೆಯಬೇಡಿ.

ತಳಕ್ಕೆ 5 ಸೆಂ.ಮೀ. ಸಣ್ಣ ಕಲ್ಲು ಹಾಸಿದರೆ ಆ ಪದರದ ಗಾತ್ರ 8.8 ಲೀಟರ್ ಆಗುತ್ತದೆ. ಅಷ್ಟೂ ನೀರು ಕಡಿಮೆಯಾಗುವುದಿಲ್ಲ, ಕಲ್ಲುಗಳ ಸಂದಿಯಲ್ಲಿ ನೀರು ಇಳಿಯುತ್ತದೆ. ಸಣ್ಣ ಕಲ್ಲಿನ ರಾಶಿಯಲ್ಲಿ ಸುಮಾರು ನೂರಕ್ಕೆ ನಲವತ್ತು ಭಾಗ ಸಂದಿಯೇ. ಹಾಗಾಗಿ ಕಲ್ಲು ನಿಜಕ್ಕೂ ಹೊರದಬ್ಬುವುದು 5.3 ಲೀಟರ್. ಟ್ಯಾಂಕಿನಲ್ಲಿ ಉಳಿಯುವ ನೀರು 53 ಲೀಟರ್ ಚಿಲ್ಲರೆ.

ಸ್ಟ್ಯಾಂಡಿನ ಭಾರವೂ ಇಲ್ಲೇ ಸಿಗುತ್ತದೆ. ನೀರು 53 ಕೆ.ಜಿ., ಗಾಜು 13, ಕಲ್ಲು ಸುಮಾರು 14. ಎಂಬತ್ತು ಕೆ.ಜಿ.ಯನ್ನು ಹಗಲೂ ರಾತ್ರಿ ಹೊರಬಲ್ಲ ಮೇಜೇ ಎಂದು ನೋಡಿಕೊಂಡ ಮೇಲೆ ಮೊದಲ ಕ್ಯಾನ್ ಸುರಿಯಿರಿ.

5. ಡ್ರಮ್ಮಿನ ಒಳಗೆ ನಡುಮಟ್ಟದಲ್ಲಿ ಅಳೆಯಿರಿ.

ಕ್ಲೋರಿನ್ ಹೋಗಲೆಂದು ನೀರನ್ನು ಒಂದು ದಿನ ಬಾಯಿ ತೆರೆದ ಡ್ರಮ್ಮಿನಲ್ಲಿ ಇಡುವುದು ನಮ್ಮಲ್ಲಿ ರೂಢಿ. ಚೌಕಾಕಾರದ ಪ್ಲಾಸ್ಟಿಕ್ ಡ್ರಮ್ಮುಗಳು ಸಾಮಾನ್ಯವಾಗಿ ಬಾಯಿಯ ಕಡೆ ಅಗಲ, ತಳದ ಕಡೆ ಕಿರಿದು. ಒಂದರ ಒಳ ಅಳತೆ ಬಾಯಲ್ಲಿ 58 ಮತ್ತು 48, ತಳದಲ್ಲಿ 50 ಮತ್ತು 40, ಆಳ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ಬಾಯಿಯ ಅಳತೆ ಹಿಡಿದರೆ 167 ಲೀಟರ್, ತಳದ್ದು ಹಿಡಿದರೆ 120. ನಡುಮಟ್ಟದ 54 ಮತ್ತು 44 ಹಿಡಿದಾಗ ಬರುವುದು 142.5. ಪಕ್ಕಾ ಲೆಕ್ಕಕ್ಕೂ ಇದಕ್ಕೂ ಅರ್ಧ ಲೀಟರಿನ ವ್ಯತ್ಯಾಸವೂ ಇಲ್ಲ.

142.5ನ್ನು ಇಪ್ಪತ್ತರಿಂದ ಭಾಗಿಸಿದರೆ ಏಳು ಬಂದು ಎರಡೂವರೆ ಲೀಟರ್ ಉಳಿಯುತ್ತದೆ. ಅಂಚಿನವರೆಗೆ ತುಂಬಲೇಬೇಕೆಂದರೆ ಎಂಟನೆಯ ಕ್ಯಾನ್ ಬೇಕು, ಆದರೆ ಅದರ ಬಹುಪಾಲು ಹಾಗೇ ಉಳಿಯುತ್ತದೆ. ಇನ್ನು ಈ ಡ್ರಮ್ಮಿನಿಂದ ಎಷ್ಟು ಕ್ಯಾನ್ ತುಂಬಿಸಬಹುದು ಎಂದು ಕೇಳಿದರೆ ಉತ್ತರ ಏಳೂ ಅಲ್ಲ, ಎಂಟೂ ಅಲ್ಲ. ನಲ್ಲಿ ತಳದಿಂದ 6 ಸೆಂ.ಮೀ. ಮೇಲಿದ್ದರೆ ಸುಮಾರು 12 ಲೀಟರ್ ಕೆಳಗೇ ನಿಲ್ಲುತ್ತದೆ. ಹೊರಬರುವ 130 ಲೀಟರಿನಲ್ಲಿ ತುಂಬುವುದು ಆರೇ ಕ್ಯಾನ್, ಏಳನೆಯದು ಅರ್ಧ. ತರಿಸುವಾಗ ಭಾಗಲಬ್ಧವನ್ನು ಮೇಲಕ್ಕೆ ಏರಿಸಿ, ತುಂಬಿಸಿ ಕೊಡುವಾಗ ಕೆಳಕ್ಕೆ ಇಳಿಸಿ.

6. ಔಷಧಿ ಹಾಕುವುದು ಒಳಗಿರುವ ನೀರಿಗೆ.

ಕ್ಲೋರಿನ್ ತೆಗೆಯುವ ಹನಿಯಾಗಲಿ, ಮೀನಿನ ಔಷಧಿಯಾಗಲಿ, ಬಾಟಲಿಯ ಮೇಲೆ ಬರೆದಿರುವುದು ಲೀಟರಿನ ಲೆಕ್ಕದಲ್ಲಿ. ಲೀಟರಿಗೆ ಒಂದು ಗ್ರಾಂ ಉಪ್ಪು ಎಂದು ಹೇಳಿ ಕಳಿಸಿದಾಗ ಹೊರ ಅಳತೆ ನಂಬಿದವರು 71 ಗ್ರಾಂ ಹಾಕುತ್ತಾರೆ. ಬೇಕಾದದ್ದು 53. ಮೂರನೇ ಒಂದು ಪಾಲು ಹೆಚ್ಚು. ಉಪ್ಪಾದರೆ ಹೆಚ್ಚಿನ ಮೀನುಗಳು ತಡೆದುಕೊಳ್ಳುತ್ತವೆ. ತಾಮ್ರ ಸೇರಿದ ಔಷಧಿಯಾದರೆ ಇದೇ ವ್ಯತ್ಯಾಸ ಮೀನಿನ ಜೀವಕ್ಕೆ ಬರಬಹುದು.

ನೀರು ಬದಲಿಸುವಾಗ ಕಾಲು ಭಾಗ ಎಂದರೆ 13 ಲೀಟರ್ ಚಿಲ್ಲರೆ, 1.75ರಿಂದ ಭಾಗಿಸಿದರೆ ಏಳೂವರೆ ಸೆಂಟಿಮೀಟರ್. ನೀರಿನ ಮಟ್ಟದಿಂದ ಅಷ್ಟು ಕೆಳಗೆ, ಹಿಂಬದಿಯ ಗಾಜಿನ ಹೊರಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಪೈಪಿನಲ್ಲಿ ಆ ಗೆರೆಯವರೆಗೆ ನೀರು ಇಳಿಸಿ, ಮುಕ್ಕಾಲು ಕ್ಯಾನಿಗಿಂತ ತುಸು ಕಡಿಮೆ ಹೊಸ ನೀರು ಹಾಕಿ.